ಮಳೆಗಾಲದ ಹಾಳೆ, ನಾಲ್ಕು ನಿಬ್ಬು, ಒಂದು ಕನ್ನಡ ಸಾಲು

ನಮಸ್ಕಾರ, ಉಡುಪಿಯಿಂದ. ಹೊರಗೆ ಮಳೆ ಜೋರಾಗಿದೆ, ಸದ್ದು ಮೈಕಿಗೂ ಸಿಗುತ್ತಿರಬಹುದು. ಇರಲಿ, ಇವತ್ತು ನೋಡುವುದು ಕನ್ನಡ ಬರೆಯಲು ಯಾವ ನಿಬ್ಬು ಹೊಂದುತ್ತದೆ ಅಂತ, ಅದರಲ್ಲಿ ಆ ಮಳೆಗೂ ಒಂದು ಪಾತ್ರ ಇದೆ.

ಮೇಜಿನ ಮೇಲೆ ಒಂದೇ ಫೌಂಟನ್ ಪೆನ್ನು ಇದೆ, ಲ್ಯಾಮಿ ಸಫಾರಿ. ಇದನ್ನೇ ತೆಗೆದುಕೊಂಡದ್ದಕ್ಕೆ ಕಾರಣ ಇದರ ನಿಬ್ಬು. ನಿಬ್ಬಿನ ಮೇಲೆ ಸೆಲ್ಲೋಟೇಪ್ ಒತ್ತಿ ಅಂಟಿಸಿ, ನೇರ ಮುಂದಕ್ಕೆ ಎಳೆದರೆ ಅದು ಜಾರಿಕೊಂಡು ಕೈಗೆ ಬರುತ್ತದೆ. ಹಾಗಾಗಿ ಪೆನ್ನು, ಶಾಯಿ ಯಾವುದನ್ನೂ ಬದಲಿಸದೆ ನಿಬ್ಬು ಮಾತ್ರ ಬದಲಿಸಬಹುದು. ಎರಡು ಬೇರೆ ಪೆನ್ನುಗಳಲ್ಲಿ ಬರೆದು ಹೋಲಿಸಿದರೆ ವ್ಯತ್ಯಾಸ ನಿಬ್ಬಿನದ್ದೋ ಶಾಯಿ ಹರಿವಿನದ್ದೋ ಅಂತ ಗೊತ್ತೇ ಆಗುವುದಿಲ್ಲ. ನನ್ನ ಹತ್ತಿರ ಅತಿ ಸಣ್ಣ ತುದಿಯಿಂದ ದಪ್ಪ ತುದಿಯವರೆಗೆ ಇಎಫ್, ಎಫ್, ಎಂ, ಬಿ ನಾಲ್ಕೂ ಇವೆ. ಶಾಯಿ ಸಾಮಾನ್ಯ ರಾಯಲ್ ಬ್ಲೂ. ಹಾಳೆ ಎರಡು ಬಗೆ: ಮಕ್ಕಳು ಶಾಲೆಗೆ ಒಯ್ಯುವ ಗೆರೆ ಪುಸ್ತಕದ್ದು ಒಂದು, ಜೆರಾಕ್ಸ್ ಅಂಗಡಿಯ ಬಿಳಿ ಹಾಳೆ ಇನ್ನೊಂದು.

ಈಗ ಬರೆಯುವುದು ಏನನ್ನು? ನಿಬ್ಬು ಪರೀಕ್ಷೆ ಅಂದರೆ ಎಲ್ಲರೂ ಇಂಗ್ಲಿಷ್ ಸಾಲು ಬರೆದು ತೋರಿಸುತ್ತಾರೆ. ನಾವು ಬರೆಯುವುದು ಕನ್ನಡ ಅಲ್ವಾ? ನಮ್ಮ ಅಕ್ಷರಕ್ಕೆ ಸುತ್ತು ಜಾಸ್ತಿ, ಒಳಗೆ ಚುಕ್ಕೆ, ಕೆಳಗೆ ಒತ್ತು. ಅದಕ್ಕೆ ನನ್ನ ಸಾಲು ಇದು: 'ರಥಬೀದಿಯ ಮಠದ ಬಳಿ ಭಟ್ಟರ ಅಂಗಡಿ, ಧೂಪ, ಕಡ್ಡಿ, ಶಾಸ್ತ್ರದ ಪುಸ್ತಕ.' ಅರ್ಥ ಹುಡುಕಬೇಡಿ ಮಾರಾಯ್ರೆ. ಇದರಲ್ಲಿ ಹೊಟ್ಟೆಯೊಳಗೆ ಚುಕ್ಕೆ ಇರುವ ಥ ಮತ್ತು ಠ ಇವೆ, ಹೊಟ್ಟೆ ಸೀಳಿದ ಧ ಮತ್ತು ಭ ಇವೆ, ಎರಡು ಒತ್ತು ಹೊತ್ತ ಸ್ತ್ರ ಇದೆ. ನಿಬ್ಬು ದಪ್ಪವಾದರೆ ಎಲ್ಲಿ ತೊಂದರೆ ಆಗುತ್ತದೋ ಅದೆಲ್ಲ ಇದೊಂದು ಸಾಲಿನಲ್ಲಿ ಸಿಗುತ್ತದೆ.

ಮೊದಲು ಬಿ ನಿಬ್ಬು, ಗೆರೆ ಪುಸ್ತಕದ ಮೇಲೆ. ಕೈಗೆ ಎಷ್ಟು ಸುಖ ನೋಡಿ. ತುದಿಯ ಗುಂಡು ದೊಡ್ಡದು, ಶಾಯಿಯೂ ಧಾರಾಳ, ಆದ್ದರಿಂದ ಹಾಳೆಯ ನಾರು ತುದಿಗೆ ತಾಗುವುದೇ ಇಲ್ಲ. ಆದರೆ ಅಕ್ಷರಕ್ಕೆ ಹತ್ತಿರ ಬನ್ನಿ. ಥದ ಚುಕ್ಕೆ ಸುತ್ತಿಗೆ ಅಂಟಿಕೊಂಡಿದೆ. ಧದ ಸೀಳು ಮುಚ್ಚಿ ಹೋಗಿ, ಅದು ದಪ್ಪ ಕಾಲಿನ ದ ಆಗಿದೆ. ಶಾಸ್ತ್ರದ ಒತ್ತುಗಳು ಕೆಳಗಿನ ಗೆರೆ ದಾಟಿ ಮುಂದಿನ ಸಾಲಿನ ತಲೆಕಟ್ಟಿಗೆ ಮುಟ್ಟಿವೆ. ಅಕ್ಷರ ದೊಡ್ಡದು ಮಾಡಿದರೆ ಸರಿಹೋಗುತ್ತದೆ, ಆದರೆ ಗೆರೆ ಬಿಟ್ಟು ಗೆರೆ ಬರೆಯಬೇಕು.

ಎಂ ನಿಬ್ಬಿನಲ್ಲಿ ಚುಕ್ಕೆ ಬಿಡಿಯಾಗಿ ಕಾಣುತ್ತದೆ, ಸೀಳು ಮಾತ್ರ ಅನುಮಾನ. ಎಫ್ ನಿಬ್ಬಿನಲ್ಲಿ ಎರಡೂ ಸ್ಪಷ್ಟ. ಇಎಫ್ ಇನ್ನೂ ಚೊಕ್ಕ. ಆದರೆ ಈ ಗೆರೆ ಪುಸ್ತಕದ ಮೇಲೆ ಇಎಫ್ ಕೆರೆಯುವ ಸದ್ದು ಕೇಳಿಸುತ್ತದೆ. ಇದನ್ನು ಸ್ವಲ್ಪ ಬಿಡಿಸಿ ನೋಡೋಣ, ಯಾಕೆಂದರೆ ಕೆರೆದ ತಕ್ಷಣ ನಿಬ್ಬು ಹಾಳು ಅಂತ ಎಸೆಯುವವರು ಇದ್ದಾರೆ.

ನಿಧಾನವಾಗಿ, ಒತ್ತದೆ, ಒಂದು ಸೊನ್ನೆ ಬರೆಯಿರಿ. ಸುತ್ತಿನ ಉದ್ದಕ್ಕೂ ಒಂದೇ ರೀತಿ ಕೆರೆದರೆ ಅದು ಸಣ್ಣ ತುದಿ ಮತ್ತು ಒರಟು ಹಾಳೆಯ ಜಗಳ. ನಿಬ್ಬಿನದ್ದು ತಪ್ಪಲ್ಲ. ಸುತ್ತಿನಲ್ಲಿ ಪ್ರತಿಸಲ ಒಂದೇ ಜಾಗದಲ್ಲಿ, ಎಡಕ್ಕೆ ತಿರುಗುವಾಗ ಮಾತ್ರವೋ ಬಲಕ್ಕೆ ಹೋಗುವಾಗ ಮಾತ್ರವೋ ಕೆರೆದರೆ ನಿಬ್ಬಿನ ಸೀಳಿನ ಎರಡು ಬದಿಯ ಕವಲುಗಳಲ್ಲಿ ಒಂದು ಮೇಲೆ, ಒಂದು ಕೆಳಗೆ ಆಗಿರುವ ಸಾಧ್ಯತೆ ಜಾಸ್ತಿ. ಭೂತಗನ್ನಡಿಯಲ್ಲಿ ತುದಿಯನ್ನು ಎದುರಿನಿಂದ ನೋಡಿದರೆ ಕಾಣುತ್ತದೆ. ಮೊದಲ ಗೀಟು ಮೂಡದೆ, ಆಮೇಲೆ ಸರಾಗವಾಗಿ ಹರಿಯುವುದು ಬೇರೆಯೇ ಸಮಸ್ಯೆ: ತುದಿಯನ್ನು ಅತಿಯಾಗಿ ಪಾಲಿಶ್ ಮಾಡಿದಾಗ ಸೀಳಿನ ಒಳಅಂಚು ದುಂಡಾಗಿ, ಶಾಯಿ ಹಾಳೆಗೆ ತಾಗುವುದಿಲ್ಲ. ನುಣುಪು ಹಾಳೆಯಲ್ಲಿ ಇದು ಹೆಚ್ಚು ಗೊತ್ತಾಗುತ್ತದೆ. ಮತ್ತೆ ಸಣ್ಣ ಗೆರೆ ಇದ್ದಕ್ಕಿದ್ದಂತೆ ದಪ್ಪವಾಗಿ ಮಸುಕಾದರೆ ಸೀಳಿನಲ್ಲಿ ನಾರು ಸಿಕ್ಕಿಕೊಂಡಿದೆ ಅಂತ ಅರ್ಥ. ತೆಳು ಪ್ಲಾಸ್ಟಿಕ್ ಹಾಳೆಯ ತುಂಡನ್ನು ಸೀಳಿನಲ್ಲಿ ಮೆಲ್ಲಗೆ ಎಳೆದರೆ ಹೊರಗೆ ಬರುತ್ತದೆ.

ಈಗ ಶಾಯಿ ಹರಡುವ ವಿಷಯ. ಅಕ್ಷರದ ಅಂಚಿನಿಂದ ಕೂದಲಿನ ಹಾಗೆ ಎಳೆ ಎಳೆಯಾಗಿ ಶಾಯಿ ಹೊರಟರೆ ಅದು ಹರಡುವುದು. ಹಿಂದಿನ ಪುಟಕ್ಕೆ ಶಾಯಿ ಚುಕ್ಕೆಯಾಗಿ ಇಳಿದರೆ ಅದು ಸೋರುವುದು. ಶಾಯಿ ಇಳಿಯದೆ, ಬರಹದ ನೆರಳು ಮಾತ್ರ ಹಿಂದೆ ಕಂಡರೆ ಹಾಳೆ ತೆಳು ಅಷ್ಟೇ. ಮೂರಕ್ಕೂ ಕಾರಣ ಒಂದೇ ಅಲ್ಲ. ಹಾಳೆ ಮಾಡುವಾಗ ನಾರಿಗೆ ಶಾಯಿ ಹೀರದಂತೆ ಪಿಷ್ಟದಂಥ ಲೇಪ ಕೊಡುತ್ತಾರೆ. ಹರಡುವುದು, ಸೋರುವುದು ಎರಡನ್ನೂ ತಡೆಯುವುದು ಮುಖ್ಯವಾಗಿ ಅದೇ. ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಹಾಳೆ ತೂಗುವ ಗ್ರಾಂ ಲೆಕ್ಕ ನೋಡಿ ಮೋಸ ಹೋಗಬೇಡಿ. ಜಪಾನಿನ ಟೊಮೊಯೆ ರಿವರ್ ಹಾಳೆ ಬರೀ 52 ಜಿಎಸ್‌ಎಂ, ನೆರಳು ಚೆನ್ನಾಗಿಯೇ ಕಾಣುತ್ತದೆ, ಆದರೆ ಶಾಯಿ ಸೋರುವುದು ಅಪರೂಪ. ನನ್ನ ಜೆರಾಕ್ಸ್ ಹಾಳೆ 75 ಜಿಎಸ್‌ಎಂ. ಬಿ ನಿಬ್ಬಿಗೆ ಅಂಚೆಲ್ಲ ಕೂದಲು ಕೂದಲು.

ಸೋರುವುದನ್ನು ನೋಡಲು ಸುಲಭ ದಾರಿ ಇದೆ. ನಿಬ್ಬನ್ನು ಹಾಳೆಗೆ ತಾಗಿಸಿ ಒಂದು ಸೆಕೆಂಡ್ ನಿಲ್ಲಿಸಿ, ಪಕ್ಕದಲ್ಲಿ ಮೂರು, ಅದರ ಪಕ್ಕ ಐದು. ಮಗುಚಿ ನೋಡಿ. ಗೆರೆ ಪುಸ್ತಕದಲ್ಲಿ ಎಫ್ ನಿಬ್ಬಿನ ಐದರ ಚುಕ್ಕೆ ಮಾತ್ರ ಹಿಂದೆ ಬಂದಿದೆ. ಬಿ ನಿಬ್ಬಿನದ್ದು ಒಂದು ಸೆಕೆಂಡಿಗೇ ಬಂದಿದೆ. ಬರೆಯುವಾಗ ಯೋಚಿಸುತ್ತಾ ಪೆನ್ನು ಊರಿ ಕೂರುವ ಅಭ್ಯಾಸ ಇದ್ದವರಿಗೆ ಈ ಪರೀಕ್ಷೆ ಮುಖ್ಯ.

ಮಳೆಗೆ ಬರೋಣ. ಅದೇ ಪುಸ್ತಕದ ಎರಡು ಹಾಳೆ ಕಿತ್ತು, ಒಂದನ್ನು ರಾತ್ರಿಯಿಡೀ ಮೇಜಿನ ಮೇಲೆ ಬಿಟ್ಟಿದ್ದೆ. ಇನ್ನೊಂದನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿ ಹೋಗದ ಡಬ್ಬಿಯಲ್ಲಿ ಇಟ್ಟಿದ್ದೆ. ಎಂ ನಿಬ್ಬಿನಲ್ಲಿ ಬರೆದರೆ ಡಬ್ಬಿಯ ಹಾಳೆಯಲ್ಲಿ ಧದ ಸೀಳು ಉಳಿದಿದೆ. ಮೇಜಿನ ಹಾಳೆ ಕೈಗೇ ಮೆತ್ತಗೆ, ಅಂಚು ಹರಡಿದೆ, ಶಾಯಿ ಒಣಗುವುದೂ ತಡ. ಬೆರಳಲ್ಲಿ ಒರೆಸಿದರೆ ಡಬ್ಬಿಯದ್ದಕ್ಕಿಂತ ಹೆಚ್ಚು ಹೊತ್ತು ಅಳಿಸುತ್ತಿತ್ತು. ಬೆವರಿದ ಅಂಗೈ ತಾಗಿದ ಜಾಗ ಇನ್ನೂ ಕಷ್ಟ, ಅಲ್ಲಿ ಒಮ್ಮೆ ಶಾಯಿ ಹಿಡಿಯುವುದಿಲ್ಲ, ಒಮ್ಮೆ ಹರಡುತ್ತದೆ. ಕೈಯಡಿಗೆ ಒಂದು ಹಾಳೆ ಇಟ್ಟು ಬರೆದರೆ ಇದು ತಪ್ಪುತ್ತದೆ.

ಹಾಗಾಗಿ ನಮ್ಮ ಕರಾವಳಿಯ ಮಳೆಗಾಲಕ್ಕೆ, ಮಾಮೂಲಿ ಪುಸ್ತಕಕ್ಕೆ, ಕನ್ನಡಕ್ಕೆ ನಾನು ಎಫ್ ಹಾಕಿಟ್ಟಿದ್ದೇನೆ. ಸುಖ ಎಂ ನಿಬ್ಬಿನಷ್ಟಿಲ್ಲ, ನಿಜ. ಒತ್ತದೆ ಬರೆದರೆ ಮಾತ್ರ ಸುಖ. ಬಾಲ್‌ಪೆನ್ನಿನ ಕೈ ಇರುವವರಿಗೆ ಎಫ್ ಕೆಲವು ದಿನ ಚುಚ್ಚುತ್ತದೆ. ಜಪಾನಿ ಪೆನ್ನು ಕೊಳ್ಳುವವರು ಗಮನಿಸಿ, ಅವರ ಎಫ್ ಸಾಮಾನ್ಯವಾಗಿ ಯುರೋಪಿನ ಎಫ್‌ಗಿಂತ ಸಣ್ಣ. ಅಲ್ಲಿ ಎಂ ಕೇಳಿ ನೋಡಿ.

ಅಂಗಡಿಗೆ ಹೋಗುವಾಗ ನಿಮ್ಮದೇ ಪುಸ್ತಕ ಒಯ್ಯಿರಿ. ಅಲ್ಲಿ ಕೊಡುವ ಚೀಟಿ ನುಣುಪಾಗಿದ್ದರೆ ಯಾವ ನಿಬ್ಬೂ ಚೆನ್ನಾಗಿಯೇ ಜಾರುತ್ತದೆ. ಜೊತೆಗೆ ಅವರು ನಿಬ್ಬನ್ನು ಶಾಯಿಯಲ್ಲಿ ಅದ್ದಿ ಕೊಡುತ್ತಾರೆ. ಅದ್ದಿದ ನಿಬ್ಬು ತುಂಬಿಸಿದ ಪೆನ್ನಿಗಿಂತ ಜಾಸ್ತಿ ಶಾಯಿ ಬಿಡುತ್ತದೆ, ಆದ್ದರಿಂದ ಗೆರೆ ದಪ್ಪವೂ ನುಣುಪೂ ಆಗಿ ಕಾಣುತ್ತದೆ. ತುದಿಯನ್ನು ಬಟ್ಟೆಗೆ ಒತ್ತಿ ಹೆಚ್ಚಿನ ಶಾಯಿ ತೆಗೆದು, ಒಂದೆರಡು ಸಾಲು ಬರೆದು, ಆಮೇಲೆ ಬಂದ ಥ ಮತ್ತು ಧ ನೋಡಿ ತೀರ್ಮಾನ ಮಾಡಿ.