‘ಯಾಕ್ಲಾ, ನನ್ ಕಾಸು ಕಾಸಲ್ವಾ?’: ಬಾರ್‌ನಲ್ಲಿ ಗಲಾಟೆ ಹತ್ತುವ ಮೊದಲಿನ ಎರಡು ನಿಮಿಷ

[ದೃಶ್ಯ: ಮಂಡ್ಯದ ಒಂದು ಬಾರ್ ಅಂಡ್ ರೆಸ್ಟೋರೆಂಟ್. ಬಾಗಿಲು ತೆರೆದಿಲ್ಲ, ಕುರ್ಚಿಗಳು ಮೇಜಿನ ಮೇಲಿವೆ.]

ನಮಸ್ಕಾರ. ಹಿಂದಿನ ವಿಡಿಯೋ ನೋಡಿದ ಒಬ್ಬ ಸಪ್ಲೈಯರ್ ಹುಡುಗ ನನ್ನನ್ನು ಸಿಕ್ಕಾಗ ಕೇಳಿದ ಪ್ರಶ್ನೆ ಇದು. "ಅಣ್ಣ, ಕುಡಿದವರು ಬೈದಾಗ ನಾನು ಎಷ್ಟು ಮೆತ್ತಗೆ ಮಾತಾಡಿದ್ರೂ ಜಾಸ್ತಿ ಆಗುತ್ತೆ. ನಮ್ಮ ಕ್ಯಾಪ್ಟನ್ ಹೋಗಿ ಎರಡು ಮಾತಾಡಿದ್ರೆ ಸುಮ್ಮನಾಗ್ತಾರೆ. ಅವರು ಏನ್ ಮಾಡ್ತಾರೆ?"

ಒಳ್ಳೆ ಪ್ರಶ್ನೆ ಅಲ್ವಾ? ಕ್ಯಾಪ್ಟನ್ ಅಂದರೆ ಸಪ್ಲೈಯರ್‌ಗಳನ್ನು ನೋಡಿಕೊಳ್ಳುವವರು. ಅದೇ ಕ್ಯಾಪ್ಟನ್ ಕೆಲಸ ಮಾಡುವ ಜಾಗದಲ್ಲಿ ಮೂರು ರಾತ್ರಿ ಮೂಲೆ ಟೇಬಲ್ ಹಿಡಿದು ಕೂತೆ. ನಿಂಬೆ ಸೋಡಾ ಕುಡಿದುಕೊಂಡು, ಸ್ವಾಮಿ. ನಗಬೇಡಿ.

ಮೊದಲು ನನ್ನದೇ ಒಂದು ಕಥೆ. ಕಾಲೇಜು ಓದುವಾಗ ಮೈಸೂರಿನ ಒಂದು ಬಾರ್‌ನಲ್ಲಿ ರಾತ್ರಿ ಹೊತ್ತು ಕ್ಯಾಷಿಯರ್ ಆಗಿದ್ದೆ. ಒಬ್ಬರು ಬಿಲ್ ವಿಷಯಕ್ಕೆ ಕೂಗಾಡುತ್ತಿದ್ದರು. ನಾನು ಗಲ್ಲಾ ಬಿಟ್ಟು ಎದ್ದು ಹೋಗಿ, ಎದುರಿಗೇ ನಿಂತು, "ಸರ್, ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ" ಅಂದೆ. ಲೋಟದ ನೀರು ನೇರ ನನ್ನ ಮುಖಕ್ಕೆ ಬಂತು. ಸ್ಟೀಲ್ ಲೋಟವೂ ಹಿಂದೆಯೇ ಬಂತು. ನಾನು ಹೇಳಿದ್ದರಲ್ಲಿ ಏನು ತಪ್ಪಿತ್ತು ಅಂತ ಬಹಳ ವರ್ಷ ಗೊತ್ತಾಗಿರಲಿಲ್ಲ.

[ದೃಶ್ಯ: ಕತ್ತಲೆ ಕೋಣೆ. ಕೈಯಲ್ಲೊಂದು ಟಾರ್ಚ್.]

ಕರೆಂಟ್ ಹೋದಾಗ ಟಾರ್ಚ್ ಹಚ್ಚುತ್ತೀವಲ್ಲ. ಬೆಳಕು ಬಿದ್ದ ಜಾಗ ಮಾತ್ರ ಕಾಣುತ್ತೆ. ಪಕ್ಕದಲ್ಲಿ ಎಮ್ಮೆ ನಿಂತಿದ್ದರೂ ಗೊತ್ತಾಗಲ್ಲ. ಕುಡಿದವನ ತಲೆ ಹೆಚ್ಚುಕಡಿಮೆ ಹೀಗೇ ಕೆಲಸ ಮಾಡುತ್ತೆ. ಕುಡಿಯದೇ ಇದ್ದಾಗ ನಮಗೆ ಒಟ್ಟಿಗೆ ಹತ್ತು ವಿಷಯ ಕಾಣುತ್ತವೆ: ಇವನು ನನ್ನನ್ನು ಕೆಣಕಿದ, ಆದರೆ ಪಕ್ಕದ ಟೇಬಲ್‌ನಲ್ಲಿ ಸಂಸಾರಸ್ಥರಿದ್ದಾರೆ, ನಾಳೆ ಡ್ಯೂಟಿ ಇದೆ, ಮನೆಯಲ್ಲಿ ಬೈತಾರೆ. ಈ "ಆದರೆ"ಗಳೇ ನಮ್ಮ ಕೈ ಹಿಡಿಯೋದು. ಏರಿದ ಮೇಲೆ ಟಾರ್ಚ್ ಕೆಣಕಿದ ಮುಖದ ಮೇಲೆ ಮಾತ್ರ ಬೀಳುತ್ತೆ. ಉಳಿದದ್ದೆಲ್ಲ ಕತ್ತಲು.

ಇದು ನನ್ನ ಕಲ್ಪನೆ ಅಲ್ಲ. ಕ್ಲಾಡ್ ಸ್ಟೀಲ್, ರಾಬರ್ಟ್ ಜೋಸೆಫ್ಸ್ ಅನ್ನುವ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು 1990ರಲ್ಲಿ ಇದರ ಬಗ್ಗೆ ಬರೆದರು. ಆಲ್ಕೋಹಾಲ್ ಮಯೋಪಿಯಾ ಅಂತ ಕರೆದರು. ಅಂದರೆ ಮದ್ಯ ತರುವ ಹತ್ತಿರದ ದೃಷ್ಟಿ. ಎದುರಿಗೆ ಎದ್ದು ಕಾಣೋದು ಮಾತ್ರ ಕಾಣುತ್ತೆ, ದೂರದ ಪರಿಣಾಮ ಕಾಣಲ್ಲ.

ಈಗ ನಾನು ಆ ಗಿರಾಕಿಯ ಎದುರಿಗೆ ಹೋಗಿ ನಿಂತ ಆ ರಾತ್ರಿಯನ್ನು ನೋಡಿ. ಟಾರ್ಚ್‌ಗೆ ನಾನೇ ಮುಖ ಕೊಟ್ಟಿದ್ದೆ. "ಸಮಾಧಾನ" ಅಂದಾಗ ಅವರಿಗೆ ಕೇಳಿಸಿದ್ದು "ನೀನು ಹುಚ್ಚನ ಹಾಗೆ ಆಡ್ತಿದ್ದೀಯ" ಅಂತ.

ಇನ್ನು ಇದರ ಮೇಲೆ ನಡೆದ ಒಂದು ಪ್ರಯೋಗ ಇದೆ. ಎಡಿಟರ್ ಇದನ್ನು ಚಿಕ್ಕದು ಮಾಡು ಅಂದ, ನಾನು ಮಾಡಲ್ಲ. 2007ರಲ್ಲಿ ಪ್ರಕಟವಾದದ್ದು. ಗಂಡಸರನ್ನು ಕರೆತಂದು ಕೆಲವರಿಗೆ ಕುಡಿಸಿದರು. ಒಬ್ಬ ಎದುರಾಳಿಯ ಜೊತೆ ಆಟ ಆಡಿಸಿದರು. ಎದುರಾಳಿ ಶಾಕ್ ಕೊಟ್ಟು ಕೆಣಕುತ್ತಾನೆ, ಇವರೂ ಅವನಿಗೆ ಶಾಕ್ ಕೊಡಬಹುದು. ಎದುರಾಳಿ ನಿಜವಾಗಿ ಇರಲೇ ಇಲ್ಲ, ಅದು ಬೇರೆ ಮಾತು. ಇವರು ಎಷ್ಟು ಜೋರಾಗಿ ಶಾಕ್ ಕೊಡುತ್ತಾರೆ ಅನ್ನೋದೇ ಅಳತೆ. ಆಟದ ನಡುವೆ ಕೆಲವರಿಗೆ ಒಂದು ಸಣ್ಣ ಕೆಲಸ ಕೊಟ್ಟರು. ಪರದೆ ಮೇಲೆ ಚೌಕಗಳು ಒಂದಾದ ಮೇಲೊಂದು ಹೊತ್ತಿಕೊಳ್ಳುತ್ತವೆ, ಯಾವ ಕ್ರಮದಲ್ಲಿ ಹೊತ್ತಿಕೊಂಡವು ಅಂತ ನೆನಪಿಡಬೇಕು. ನಾಲ್ಕು ಚೌಕ ನೆನಪಿಡುತ್ತಿದ್ದ ಕುಡಿದವರ ಸಿಟ್ಟು ಇಳಿಯಿತು. ಎಂಟು ಚೌಕ ಕೊಟ್ಟಾಗ ಆ ಲಾಭ ಹೋಯಿತು.

ನಾಲ್ಕು ಚೌಕ! ಇದನ್ನು ಓದಿದ ಮೇಲೆ ನನಗೆ ಆ ಕ್ಯಾಪ್ಟನ್ ಅರ್ಥವಾದರು.

[ದೃಶ್ಯ: ಟೇಬಲ್ ನಂಬರ್ 6. ಇಬ್ಬರು ನಟರು.]

ಎರಡನೇ ರಾತ್ರಿ, ಹತ್ತೂವರೆ. ಮೂವರು ಗೆಳೆಯರು. ಅವರಲ್ಲಿ ಒಬ್ಬರಿಗೆ ಎರಡು ನೈಂಟಿ ಆಗಿದೆ. ಮೊದಲು ದನಿ ಏರಿತು. ಆಮೇಲೆ ಹೇಳಿದ್ದನ್ನೇ ಹೇಳುತ್ತಿದ್ದರು. ಆಮೇಲೆ ಪಕ್ಕದ ಟೇಬಲ್ ಕಡೆ ತಿರುಗಿ ತಿರುಗಿ ನೋಡತೊಡಗಿದರು. ಈ ಮೂರನೆಯದನ್ನು ನೋಡಿದ ತಕ್ಷಣ ಕ್ಯಾಪ್ಟನ್ ಎದ್ದರು. ಜಗಳ ಆದ ಮೇಲೆ ಅಲ್ಲ, ಆಗಲೇ.

ಸಪ್ಲೈಯರ್ "ಇನ್ನು ಕೊಡಕ್ಕಾಗಲ್ಲ" ಅಂತ ಹೇಳಿಯಾಗಿತ್ತು. ಅದಕ್ಕೆ ಉತ್ತರವೇ ವಿಡಿಯೋದ ತಲೆಬರಹ: "ಯಾಕ್ಲಾ, ನನ್ ಕಾಸು ಕಾಸಲ್ವಾ?"

ಕ್ಯಾಪ್ಟನ್ ಬಂದವರೇ ಮೊದಲು ಆ ಹುಡುಗನನ್ನು ಒಳಗೆ ಕಳಿಸಿದರು. ಬೈಸಿಕೊಂಡ ಮುಖ ಅಲ್ಲಿ ಇರಬಾರದು, ಟಾರ್ಚ್ ಅದರ ಮೇಲೇ ಇದೆ. ನೋಡೋಕೆ ಬಂದು ನಿಂತಿದ್ದ ಇನ್ನಿಬ್ಬರು ಸಪ್ಲೈಯರ್‌ಗಳಿಗೂ ಕಣ್ಣಲ್ಲೇ ಹೋಗಿ ಅಂದರು. ನಾಲ್ಕು ಜನ ಸುತ್ತುವರಿದರೆ ಅದು ಸಹಾಯ ಅಲ್ಲ, ಸವಾಲು.

ನಿಂತ ರೀತಿ ನೋಡಿ. ಎದುರಿಗೆ ಅಲ್ಲ, ಸ್ವಲ್ಪ ಓರೆಯಾಗಿ. ಸುಮಾರು ಒಂದೂವರೆ ಕೈ ಅಳತೆ ದೂರದಲ್ಲಿ. ಕೈ ಎರಡೂ ಕಾಣುವ ಹಾಗೆ, ಬೆರಳು ಬಿಚ್ಚಿಕೊಂಡು. ಗಿರಾಕಿಗೂ ಬಾಗಿಲಿಗೂ ನಡುವೆ ನಿಲ್ಲಲಿಲ್ಲ. ಎದ್ದು ಹೋಗಬೇಕು ಅನ್ನಿಸಿದರೆ ದಾರಿ ಬಿಟ್ಟಿರಬೇಕು. ತಮ್ಮ ಬೆನ್ನಿಗೂ ಗೋಡೆ ಬರದ ಹಾಗೆ ನೋಡಿಕೊಂಡರು. ಭುಜದ ಮೇಲೆ ಕೈ ಇಡಲಿಲ್ಲ. ನಮ್ಮ ಕಡೆ ಪ್ರೀತಿಯಿಂದ ಹೆಗಲ ಮೇಲೆ ಕೈ ಹಾಕೋ ಅಭ್ಯಾಸ ಇದೆಯಲ್ಲ, ಇಲ್ಲಿ ಅದು ಬೇಡ.

ಮಾತಾಡುತ್ತಲೇ ಖಾಲಿ ಬಾಟ್ಲಿ, ಗಾಜಿನ ಲೋಟ ಎತ್ತಿ ಟ್ರೇಗೆ ಹಾಕಿದರು, ದಿನಾ ಮಾಡೋ ಕೆಲಸದ ಹಾಗೆ. ಅರ್ಧ ಇದ್ದ ಲೋಟ ಮುಟ್ಟಲಿಲ್ಲ. ಅದನ್ನು ಕಿತ್ತುಕೊಂಡರೆ ಹೊಸ ಜಗಳ.

ಈಗ ಮಾತು.

"ಅಣ್ಣ, ಕೋಪ ಬಂದಿದೆ ಅಂತ ಗೊತ್ತಾಯ್ತು. ಇವತ್ತಿಗೆ ಎಣ್ಣೆ ಇನ್ನು ಕೊಡಕ್ಕಾಗಲ್ಲ. ಮುದ್ದೆ ಈಗ ತಾನೆ ಇಳಿಸಿದ್ದಾರೆ. ನಾಟಿಕೋಳಿ ಸಾರಲ್ಲಿ ಕೊಡ್ಲಾ, ಬೋಟಿ ಸಾರಾ?"

"ಕಾಸ್ ಕೊಡ್ತೀನಿ ಕಣಯ್ಯ!"

"ಕೊಡ್ತೀರಿ ಅಣ್ಣ. ಎಣ್ಣೆ ಇವತ್ತಿಗಾಯ್ತು. ಕೋಳಿನಾ, ಬೋಟಿನಾ?"

ಸ್ವಲ್ಪ ಹೊತ್ತು ಮೌನ.

"…ಬೋಟಿ ಎಂಗೈತೆ?"

ಅಷ್ಟೇ! ಇದೇ ನಾಲ್ಕು ಚೌಕ. ಟಾರ್ಚ್ ಸಪ್ಲೈಯರ್ ಮುಖದಿಂದ ಬೋಟಿ ಸಾರಿಗೆ ತಿರುಗಿತು. ಕ್ಯಾಪ್ಟನ್ ಇಡೀ ಮೆನು ಒಪ್ಪಿಸಲಿಲ್ಲ ಅನ್ನೋದನ್ನು ಗಮನಿಸಿ. ಚಿಕನ್ ಡ್ರೈ ಇದೆ, ಪೆಪ್ಪರ್ ಇದೆ, ಕಬಾಬ್ ಇದೆ ಅಂದಿದ್ದರೆ ಅದು ಎಂಟು ಚೌಕ. ಎರಡೇ ಆಯ್ಕೆ, ಎರಡೂ ನಮಗೆ ಒಪ್ಪಿಗೆಯಾದವು.

"ಇಲ್ಲ" ಅನ್ನೋದನ್ನು ಎಷ್ಟು ಸಲ ಹೇಳಿದರು? ಎರಡೇ ಸಲ, ಬಹುತೇಕ ಅದೇ ಪದಗಳಲ್ಲಿ. ಕಾರಣ ಕೊಡಲಿಲ್ಲ. ಕೊಟ್ಟ ಪ್ರತಿ ಕಾರಣಕ್ಕೂ ಕುಡಿದವನ ಹತ್ತಿರ ಒಂದು ವಾದ ಇರುತ್ತೆ. "ನಿಮಗೆ ಜಾಸ್ತಿ ಆಗಿದೆ" ಅನ್ನಲಿಲ್ಲ. ಹಾಗಂದರೆ "ಯಾರಿಗೋ ಜಾಸ್ತಿ?" ಅಂತ ಬರುತ್ತೆ. "ಕೌಂಟರ್ ಮುಚ್ಚಿದ್ದಾರೆ" ಅಂತ ಸುಳ್ಳೂ ಹೇಳಲಿಲ್ಲ. ಪಕ್ಕದ ಟೇಬಲ್‌ಗೆ ಬಿಯರ್ ಬಂದರೆ ಮುಗೀತು ಕಥೆ.

ಇನ್ನೊಂದು ಕೆಲಸ ನನ್ನ ಕಣ್ಣಿಗೆ ಬಿದ್ದದ್ದು ಮೂರನೇ ರಾತ್ರಿ. ಗುಂಪಿನಲ್ಲಿ ಕಡಿಮೆ ಕುಡಿದ ಗೆಳೆಯನನ್ನು "ಅಣ್ಣ, ಒಂದು ನಿಮಿಷ" ಅಂತ ಕೌಂಟರ್ ಹತ್ತಿರ ಕರೆದು ಹೇಳಿಬಿಡುತ್ತಾರೆ. ಗೆಳೆಯರ ಎದುರಿಗೆ ಬಿಟ್ಟುಕೊಡೋದು ಕಷ್ಟ, ಗೆಳೆಯನೇ "ನಡಿಲಾ ಹೋಗಣ" ಅಂದರೆ ಸುಲಭ. ಬಿಲ್ಲೂ ಅವರ ಕೈಗೇ.

[ದೃಶ್ಯ: ಗಡಿಯಾರ ಮತ್ತು ಒಂದು ಲಾರ್ಜ್ ಪೆಗ್.]

ಆದರೆ ಊಟ ಕೊಟ್ಟರೆ ಇಳಿಯುತ್ತೆ ಅಂತ ತಿಳಿಯಬೇಡಿ. ಒಂದು ಲಾರ್ಜ್, ಅಂದರೆ 60 ಮಿಲಿ ವಿಸ್ಕಿಯಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್ ಇರುತ್ತೆ. ಲಿವರ್ ಗಂಟೆಗೆ ಕರಗಿಸೋದು ಹೆಚ್ಚುಕಡಿಮೆ 7ರಿಂದ 10 ಗ್ರಾಂ. ಒಂದು ಲಾರ್ಜ್‌ಗೆ ಎರಡು ಮೂರು ಗಂಟೆ. ಟೇಬಲ್ 6ರವರದ್ದು ಎರಡು ನೈಂಟಿ, ಅಂದರೆ ಒಂದು ಕ್ವಾರ್ಟರ್, 180 ಮಿಲಿ. ಲೆಕ್ಕ ಹಾಕಿ, ಬೆಳಗಿನ ಜಾವ ಆಗುತ್ತೆ. ಕಾಫಿ, ನಿಂಬೆ ಹುಳಿ, ಮಜ್ಜಿಗೆ, ತಣ್ಣೀರು ಯಾವುದೂ ಈ ಲೆಕ್ಕ ಬದಲಿಸಲ್ಲ. ಕಾಫಿ ಕುಡಿದರೆ ಎಚ್ಚರವಾಗಿರುವ ಕುಡುಕ ಸಿಗುತ್ತಾನೆ.

ಇನ್ನೂ ಕೆಟ್ಟ ಸುದ್ದಿ ಅಂದರೆ ಕೊನೆಯ ಪೆಗ್ ಪೂರ್ತಿ ಏರೋಕೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಬೇಕು. ಎದುರಿಗೆ ಕೂತವನು ಈಗ ಎಷ್ಟು ಟೈಟ್ ಕಾಣುತ್ತಾನೋ ಅದು ಪೂರ್ತಿ ಲೆಕ್ಕ ಅಲ್ಲ. ಗಟಗಟ ಕುಡಿದ ಕೊನೆಯದು ಇನ್ನೂ ದಾರಿಯಲ್ಲಿದೆ. ಅದಕ್ಕೇ "ಲಾಸ್ಟ್ ಒಂದು ಕೊಟ್ಟು ಕಳಿಸೋಣ" ಅನ್ನೋದು ದಡ್ಡತನ. ಅದು ಹೆದ್ದಾರಿಯಲ್ಲಿ ಏರುತ್ತೆ.

ಎಡಿಟರ್ ಗಡಿಯಾರ ತೋರಿಸ್ತಿದ್ದಾನೆ. ಉಳಿದದ್ದು ಬೇಗ ಹೇಳ್ತೀನಿ.

ಟಾರ್ಚ್ ತಿರುಗಿಸೋ ಉಪಾಯ ಎಲ್ಲದಕ್ಕೂ ಅಲ್ಲ. ಕೈ ಬೀಸಿಯಾಗಿದ್ದರೆ, ಕೈಯಲ್ಲಿ ಬಾಟ್ಲಿ ಇದ್ದರೆ ಬೋಟಿ ಸಾರಿನ ಮಾತು ಬೇಡ. ದೂರ ಸರಿಯಿರಿ, ಬೇರೆ ಗಿರಾಕಿಗಳನ್ನು ಸರಿಸಿ, 112ಕ್ಕೆ ಫೋನ್ ಮಾಡಿ. ಕೆಲಸದ ಹೆಣ್ಣುಮಗಳ ಮೈ ಮುಟ್ಟಿದರೆ, ಅಸಹ್ಯ ಮಾತಾಡಿದರೆ "ಕುಡಿದಿದ್ದಾರೆ ಬಿಡಮ್ಮ" ಅನ್ನಬೇಡಿ. ಅವರನ್ನು ಆ ಟೇಬಲ್‌ನಿಂದ ತಕ್ಷಣ ಬಿಡಿಸಿ. ಅದು ಪೊಲೀಸ್ ಕೇಸು. ದೂರು ಕೊಡಬೇಕೋ ಬೇಡವೋ ಅನ್ನೋದು ಅವರ ನಿರ್ಧಾರ, ಮಾಲೀಕರದ್ದಲ್ಲ. ಸಿಸಿಟಿವಿ ರೆಕಾರ್ಡ್ ಅವತ್ತೇ ತೆಗೆದಿಡಿ, ತಡ ಆದರೆ ಅದರ ಮೇಲೆ ಹೊಸದು ಬರೆದುಕೊಂಡು ಹೋಗುತ್ತೆ.

ಒಂದು ತಮಾಷೆ ಗೊತ್ತಾ? ಸಾರ್ವಜನಿಕ ಜಾಗದಲ್ಲಿ ಕುಡಿದು ಕಾಟ ಕೊಟ್ಟರೆ ಹಳೇ ಐಪಿಸಿಯಲ್ಲಿ ದಂಡ ಹೆಚ್ಚೆಂದರೆ 10 ರೂಪಾಯಿ. ಹುರಿಗಡಲೆ ಪೊಟ್ಟಣದ ರೇಟು. 2024ರ ಜುಲೈನಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಂನಲ್ಲಿ ಅದು 1000 ರೂಪಾಯಿವರೆಗೆ ಆಗಿದೆ. 24 ಗಂಟೆವರೆಗೆ ಜೈಲು, ಇಲ್ಲವೇ ಸಮುದಾಯ ಸೇವೆಯನ್ನೂ ವಿಧಿಸಬಹುದು.

ಎಳೆದು ಹೊರಗೆ ಹಾಕೋದು, ನೆಲಕ್ಕೆ ಕವುಚಿ ಬೆನ್ನ ಮೇಲೆ ಕೂರೋದು ಮಾಡಲೇಬೇಡಿ. ಕುಡಿದವನಿಗೆ ಉಸಿರು ಕಟ್ಟೋಕೆ ಅಷ್ಟು ಸಾಕು.

ಬೈಕ್ ಕೀ ವಿಷಯಕ್ಕೂ ಕಿತ್ತಾಟ ಬೇಡ. ಗೆಳೆಯನಿಗೆ ಹೇಳಿ, ಆಟೋ ಕರೆಸಿ, ಗಾಡಿ ಇಲ್ಲೇ ಇರಲಿ ಅನ್ನಿ. ಕೇಳದೆ ಹೊರಟರೆ ಗಾಡಿ ನಂಬರ್ ಬರೆದುಕೊಂಡು 112ಕ್ಕೆ ಹೇಳಿ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದ್ದರೆ ಕೇಸು. ಮೊದಲ ಸಲ ಸಿಕ್ಕಿದರೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು.

ಇದೊಂದನ್ನು ಮಾತ್ರ ನಿಧಾನವಾಗಿ ಹೇಳ್ತೀನಿ. ಕ್ಯಾಪ್ಟನ್ ನನಗೆ ಹೇಳಿದ್ದು. ಒಂದು ಸಲ ಒಬ್ಬರು ತೊದಲುತ್ತಾ, ಬೆವರುತ್ತಾ, ಸಿಕ್ಕಸಿಕ್ಕವರಿಗೆ ಬೈಯುತ್ತಾ ಕೂತಿದ್ದರು. ಬಿಲ್ ನೋಡಿದರೆ ಒಂದೇ ಬಿಯರ್, ಅದೂ ಅರ್ಧ ಹಾಗೇ ಇತ್ತು. ಇವರಿಗೆ ಲೆಕ್ಕ ಕೂಡಲಿಲ್ಲ. ಪಕ್ಕದವರನ್ನು ಕೇಳಿದರೆ ಶುಗರ್ ಇದೆ, ಸಂಜೆ ಇನ್ಸುಲಿನ್ ತಗೊಂಡಿದ್ದಾರೆ, ಊಟ ಮಾಡಿಲ್ಲ ಅಂದರು. ಎಚ್ಚರವಿದ್ದರು, ನುಂಗುತ್ತಿದ್ದರು, ಅದಕ್ಕೆ ಸಕ್ಕರೆ ಕದಡಿದ ನೀರು ಕುಡಿಸಿ 108ಕ್ಕೆ ಫೋನ್ ಮಾಡಿದರು. ಹತ್ತು ಹದಿನೈದು ನಿಮಿಷದಲ್ಲಿ ಆ ಮನುಷ್ಯ ಕೇಳಿದ್ದು, "ನಾನೇನಾದ್ರೂ ಬೈದ್ನಾ ಸಾ?"

ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, ವಾಂತಿ ಆದರೆ ಹೊರಗೆ ಹೋಗಲಿ. ಅಲುಗಾಡಿಸಿದರೂ ಏಳದಿದ್ದರೆ, ಒಂದು ಉಸಿರಿಗೂ ಇನ್ನೊಂದಕ್ಕೂ ಹತ್ತು ಸೆಕೆಂಡ್ ಅಂತರ ಬರುತ್ತಿದ್ದರೆ "ಮಲಗಿದ್ದಾರೆ ಬಿಡು" ಅಂತ ಲೈಟ್ ಆರಿಸಬೇಡಿ. 108. ಅವರು ಬರುವವರೆಗೆ ಒಬ್ಬರು ಪಕ್ಕದಲ್ಲೇ ಕೂತು ಉಸಿರು ಎಣಿಸುತ್ತಿರಿ.

[ದೃಶ್ಯ: ಟೇಬಲ್ 6. ಖಾಲಿ ತಟ್ಟೆ, ಬೋಟಿ ಸಾರಿನ ಬಟ್ಟಲು.]