ನುಣ್ಣನೆಯ ಗಡ್ಡದ ಹಠ ಬಿಡದೆ ಈ ಗುಳ್ಳೆ ಹೋಗುವುದಿಲ್ಲ

ನಮಸ್ಕಾರ. ಗಡ್ಡ ಬೋಳಿಸಿದ ಒಂದೆರಡು ದಿನದಲ್ಲಿ ದವಡೆಯ ಕೆಳಗೆ, ಕತ್ತಿನ ಎರಡೂ ಬದಿಗೆ ಕೆಂಪು ಗುಳ್ಳೆಗಳು ಏಳುತ್ತವಲ್ಲ, ಇವತ್ತಿನ ಮಾತು ಅವುಗಳ ಬಗ್ಗೆ. ಮುಟ್ಟಿದರೆ ಚುಚ್ಚುತ್ತವೆ, ಬೆವರು ತಾಗಿದರೆ ಉರಿಯುತ್ತವೆ, ಮಾಗಿದ ಮೇಲೂ ಕಪ್ಪು ಕಲೆ ಉಳಿಸಿ ಹೋಗುತ್ತವೆ. ಬಹಳ ಜನ ಇದನ್ನು ಮೊಡವೆ ಎಂದುಕೊಳ್ಳುತ್ತಾರೆ. ಕೆಲವರು ರೇಜರ್ ಕೊಳಕಾಗಿತ್ತು, ಸೋಂಕು ತಗುಲಿತು ಎನ್ನುತ್ತಾರೆ. ಹೆಚ್ಚಿನ ಸಲ ಇದು ಎರಡೂ ಅಲ್ಲ. ನಿಮ್ಮದೇ ಕೂದಲು ನಿಮ್ಮದೇ ಚರ್ಮಕ್ಕೆ ಚುಚ್ಚಿಕೊಂಡಿರುತ್ತದೆ.

ಗುಂಗುರು ಕೂದಲು ಚರ್ಮದೊಳಗೇ ಬಾಗಿಕೊಂಡು ಬೆಳೆಯುತ್ತದೆ. ರೇಜರ್ ಅದನ್ನು ಓರೆಯಾಗಿ ಕತ್ತರಿಸಿದಾಗ ತುದಿ ಸೂಜಿಯಂತೆ ಚೂಪಾಗುತ್ತದೆ. ಆ ತುದಿ ಸ್ವಲ್ಪ ಹೊರಗೆ ಬಂದು, ಬಾಗಿ, ಪಕ್ಕದಲ್ಲೇ ಮತ್ತೆ ಚರ್ಮದೊಳಗೆ ಇಳಿಯುತ್ತದೆ. ಇನ್ನೊಂದು ದಾರಿಯೂ ಇದೆ. ಹಲವು ಬ್ಲೇಡುಗಳ ರೇಜರ್‌ನಲ್ಲಿ ಮೊದಲ ಬ್ಲೇಡ್ ಕೂದಲನ್ನು ಎಳೆದು ಹಿಡಿಯುತ್ತದೆ, ಹಿಂದಿನದು ಕತ್ತರಿಸುತ್ತದೆ. ಕತ್ತರಿಸಿದ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ಜಾರಿ, ಹೊರಗೆ ಬರುವ ಮೊದಲೇ ತನ್ನ ಬುಡದ ಗೋಡೆಯನ್ನು ತೂತು ಮಾಡುತ್ತದೆ. ದೇಹ ಅದನ್ನು ಹೊರಗಿನಿಂದ ಬಂದ ಮುಳ್ಳೆಂದು ತಿಳಿದು ಊದಿಕೊಳ್ಳುತ್ತದೆ. ವೈದ್ಯರು ಇದನ್ನು ಸ್ಯೂಡೋಫಾಲಿಕ್ಯುಲೈಟಿಸ್ ಬಾರ್ಬೆ ಎನ್ನುತ್ತಾರೆ. ಆಫ್ರಿಕಾ ಮೂಲದ ಪುರುಷರಲ್ಲಿ ಅತಿ ಹೆಚ್ಚು. ಆದರೆ ದಪ್ಪ, ಗುಂಗುರು ಗಡ್ಡವಿರುವ ಯಾರಿಗಾದರೂ ಇದು ಬರಬಹುದು, ನಮ್ಮವರಲ್ಲೂ ಸಾಕಷ್ಟು ಕಾಣುತ್ತದೆ. ಅಂದರೆ ನೀವು ಎಷ್ಟು ನುಣ್ಣಗೆ ಬೋಳಿಸುತ್ತೀರೋ ಅಷ್ಟು ಗುಳ್ಳೆ. ನಾನು ಇವತ್ತು ಒತ್ತಿ ಹೇಳಬೇಕೆಂದಿರುವುದು ಇದನ್ನೇ.

ನನ್ನ ತಂಗಿಯ ಮಗನ ಸಂಗತಿ ಹೇಳುತ್ತೇನೆ, ಅವನು ಒಪ್ಪಿಗೆ ಕೊಟ್ಟಿದ್ದಾನೆ. ಬೆಂಗಳೂರಿನ ಒಂದು ಹೋಟೆಲಿನ ಸ್ವಾಗತ ಕೌಂಟರಿನಲ್ಲಿ ಅವನಿಗೆ ಕೆಲಸ. ದಿನವೂ ಗಡ್ಡ ಬೋಳಿಸಲೇಬೇಕು. ಐದು ಬ್ಲೇಡಿನ ರೇಜರ್, ಮೊದಲು ಮೇಲಿನಿಂದ ಕೆಳಗೆ, ಆಮೇಲೆ ಕತ್ತನ್ನು ಎಳೆದು ಹಿಡಿದು ಉಲ್ಟಾ. ಗುಳ್ಳೆ ಎದ್ದಾಗ ಸ್ಫಟಿಕ ಉಜ್ಜಿದ. ಸ್ಫಟಿಕ ಗಾಯದ ರಕ್ತ ನಿಲ್ಲಿಸೀತು, ಒಳಗೆ ಹೊಕ್ಕ ಕೂದಲನ್ನು ಹೊರಗೆ ತೆಗೆಯಲಾರದು. ಆಮೇಲೆ ಔಷಧಿ ಅಂಗಡಿಗೆ ಹೋಗಿ ಒಂದು ಮುಲಾಮು ತಂದ. ಮೂರು ದಿನದಲ್ಲಿ ಎಲ್ಲ ಇಳಿಯಿತು, ಬಿಟ್ಟ ವಾರದಲ್ಲೇ ಇಮ್ಮಡಿಯಾಗಿ ಬಂತು. ಮತ್ತೆ ಹಚ್ಚಿದ.

ಆ ಟ್ಯೂಬಿನ ಮೇಲೆ ಕ್ಲೋಬೆಟಸಾಲ್ ಎಂದು ಬರೆದಿತ್ತು. ಅದು ಬಹಳ ತೀಕ್ಷ್ಣವಾದ ಸ್ಟೀರಾಯ್ಡ್, ಜೊತೆಗೆ ಶಿಲೀಂಧ್ರದ ಔಷಧಿ ಮತ್ತು ಆ್ಯಂಟಿಬಯೋಟಿಕ್ ಬೆರೆಸಿದ್ದರು. ಚೀಟಿ ಕೇಳದೆ ಇಂಥದ್ದನ್ನು ಮುಖಕ್ಕೆಂದು ಕೊಡುವುದು ನನಗೆ ಸಿಟ್ಟು ತರಿಸುವ ವಿಷಯ. ತಿಂಗಳುಗಟ್ಟಲೆ ಹಚ್ಚಿದರೆ ಮುಖದ ಚರ್ಮ ತೆಳುವಾಗುತ್ತದೆ, ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ, ಬಿಟ್ಟರೆ ಮುಖವೆಲ್ಲ ಕೆಂಪಾಗಿ ಉರಿಯುತ್ತದೆ. ನಮ್ಮ ದೇಶದ ಚರ್ಮವೈದ್ಯರು ವರ್ಷಗಳಿಂದ ಇದರ ವಿರುದ್ಧ ಎಚ್ಚರಿಸುತ್ತಲೇ ಇದ್ದಾರೆ. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಎಂದಿದ್ದರೆ ವೈದ್ಯರು ಹೇಳದೆ ಮುಖಕ್ಕೆ ಮುಟ್ಟಿಸಬೇಡಿ.

ಕೊನೆಗೆ ಚರ್ಮವೈದ್ಯೆಯೊಬ್ಬರು ಅವನ ಕತ್ತಿಗೆ ದೀಪ ಹಿಡಿದು, ಭೂತಗನ್ನಡಿಯಲ್ಲಿ ನೋಡಲು ನನಗೂ ಹೇಳಿದರು. ಗುಳ್ಳೆಯ ನೆತ್ತಿಯಲ್ಲಿ ಒಂದು ಕಪ್ಪು ಕಮಾನು, ಅದರ ಎರಡೂ ತುದಿ ಚರ್ಮದೊಳಗೆ. ಈ ಕಮಾನು ಕಂಡರೆ ಕಾಯಿಲೆ ಇದೇ ಎಂದು ಬಹುಮಟ್ಟಿಗೆ ಹೇಳಬಹುದು.

ಅವರು ಹೇಳಿದ ಮೊದಲ ಔಷಧಿ, ನಾಲ್ಕು ವಾರ ರೇಜರ್ ಮುಟ್ಟಬಾರದು. ಗಡ್ಡ ತೀರಾ ಬೆಳೆದಂತೆ ಕಂಡರೆ ಬಾಚಣಿಗೆ ಸಿಕ್ಕಿಸಿದ ಟ್ರಿಮ್ಮರ್‌ನಲ್ಲಿ ಮೂರು ಮಿಲಿಮೀಟರ್‌ಗೆ ಕತ್ತರಿಸಬಹುದು. ಮೊದಲ ವಾರ ಗುಳ್ಳೆ ಹೆಚ್ಚಾಗಬಹುದು ಎಂದೂ ಮೊದಲೇ ಹೇಳಿದರು, ಏಕೆಂದರೆ ಈಗಾಗಲೇ ಚೂಪಾಗಿರುವ ಕೂದಲುಗಳು ಬೆಳೆಯುತ್ತಾ ಇನ್ನಷ್ಟು ಒಳಗೆ ಹೊಗುತ್ತವೆ. ಹೆಚ್ಚಿನವರು ಸೋಲುವುದು ಇಲ್ಲಿಯೇ. ಗಡ್ಡ ಬಿಟ್ಟಿದ್ದಕ್ಕೇ ಹೀಗಾಯಿತು ಎಂದು ಮತ್ತೆ ರೇಜರ್ ಹಿಡಿಯುತ್ತಾರೆ. ಕಾದರೆ, ಉದ್ದವಾದ ಕೂದಲು ತನ್ನ ಬಿಗುವಿನಿಂದಲೇ ತುದಿಯನ್ನು ಹೊರಗೆ ಎಳೆದುಕೊಳ್ಳುತ್ತದೆ.

ಬೆಳಿಗ್ಗೆ, ರಾತ್ರಿ ಹತ್ತು ನಿಮಿಷ ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಬಟ್ಟೆಯನ್ನು ಕತ್ತಿನ ಮೇಲೆ ಇಡಬೇಕು. ಚರ್ಮ ಮೆತ್ತಗಾದ ಮೇಲೆ, ಕಮಾನು ಹೊರಗೆ ಕಾಣುವ ಕಡೆ ಮಾತ್ರ, ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯನ್ನು ಅದರ ಅಡಿಗೆ ತೂರಿಸಿ ತುದಿಯನ್ನು ಮೇಲಕ್ಕೆ ಎತ್ತಬೇಕು. ಅಗೆಯಬಾರದು. ಚಿಮುಟದಿಂದ ಕಿತ್ತುಹಾಕಲೂಬಾರದು, ಕಿತ್ತ ಜಾಗದಲ್ಲಿ ಹೊಸದಾಗಿ ಹುಟ್ಟುವ ಕೂದಲು ಹೊರಗೆ ಬರುವ ಮೊದಲೇ ಒಳಗೆ ಚುಚ್ಚೀತು.

ಉರಿಗೆ ಶೇಕಡಾ 1ರ ಹೈಡ್ರೋಕಾರ್ಟಿಸೋನ್ ಕೊಟ್ಟರು. ಇದೂ ಸ್ಟೀರಾಯ್ಡೇ, ಆದರೆ ಬಹಳ ಸೌಮ್ಯ, ಅದನ್ನೂ ಐದು ದಿನಕ್ಕೆ ನಿಲ್ಲಿಸಿದರು. ಕೀವು ತುಂಬಿದ ಒಂದೆರಡು ಗುಳ್ಳೆಗೆ ಶೇಕಡಾ 2.5ರ ಬೆಂಜಾಯಿಲ್ ಪೆರಾಕ್ಸೈಡ್. ಇದು ದಿಂಬಿನ ಬಟ್ಟೆಯ ಬಣ್ಣ ಕೆಡಿಸುತ್ತದೆ, ಬಿಳಿಯದು ಹಾಸಿಕೊಳ್ಳಿ. ಊತ ಇಳಿದ ಮೇಲೆ ರಾತ್ರಿ, ಕೂದಲಿನ ಬುಡದ ರಂಧ್ರ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವ ಅಡಾಪಲೀನ್ ಮುಲಾಮು ಬಟಾಣಿ ಕಾಳಿನಷ್ಟು, ಮೊದಲು ದಿನ ಬಿಟ್ಟು ದಿನ. ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್, ಇಲ್ಲದಿದ್ದರೆ ಕಲೆ ಇನ್ನೂ ಕಪ್ಪಾಗುತ್ತದೆ. ಗುಳ್ಳೆ ವಾರಗಳಲ್ಲಿ ಇಳಿಯಿತು, ಕಲೆ ಮಾಸಲು ತಿಂಗಳುಗಳೇ ಬೇಕಾದವು.

ಈಗ ಅವನು ಟ್ರಿಮ್ಮರ್‌ನಲ್ಲಿ ಒಂದು ಮಿಲಿಮೀಟರ್ ಉಳಿಸುತ್ತಾನೆ. ನನ್ನ ಮಟ್ಟಿಗೆ ಇದೇ ಒಳ್ಳೆಯ ದಾರಿ. ರೇಜರೇ ಬೇಕೆನ್ನುವವರು ಸ್ನಾನ ಮುಗಿಸಿ ಕೂದಲು ನೆಂದ ಮೇಲೆ, ಒಂದೇ ಬ್ಲೇಡಿನಲ್ಲಿ, ಚರ್ಮ ಎಳೆಯದೆ, ಒತ್ತದೆ, ಕೂದಲು ಬೆಳೆದ ದಿಕ್ಕಿಗೇ ಒಮ್ಮೆ ಎಳೆದು ನಿಲ್ಲಿಸಬೇಕು. ಕತ್ತಿನಲ್ಲಿ ಆ ದಿಕ್ಕು ಜಾಗದಿಂದ ಜಾಗಕ್ಕೆ ಬೇರೆ. ಬೆರಳು ಸವರಿ ಮೊದಲೇ ಗುರುತಿಸಿಕೊಳ್ಳಿ. ಸಲೂನಿನಲ್ಲಿ ಕುಳಿತಾಗ ಉಲ್ಟಾ ಬೇಡ ಎಂದು ಮುಂಚೆಯೇ ಹೇಳಿಬಿಡಿ.

ಇದೇ ರೀತಿ ಕಾಣುವ ಬೇರೆ ತೊಂದರೆಗಳೂ ಇವೆ. ಒಂದು ಬದಿಯಲ್ಲಿ ಮಾತ್ರ ಉಂಗುರದಂತೆ ಹರಡುತ್ತಿದ್ದರೆ, ಕೂದಲು ಎಳೆದರೆ ಸಲೀಸಾಗಿ ಬಂದರೆ ಅದು ಹುಳುಕಡ್ಡಿ ಇರಬಹುದು, ಸ್ಟೀರಾಯ್ಡ್ ಹಚ್ಚಿದರೆ ಕೆರಳುತ್ತದೆ. ದೊಡ್ಡ ನೋವಿನ ಕುರು, ಜ್ವರ, ಅಥವಾ ಗುಳ್ಳೆಯ ಜಾಗದಲ್ಲಿ ಗಟ್ಟಿಯಾಗಿ ಬೆಳೆಯುವ ಗಂಟು ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರ ಬಳಿ ಹೋಗಿ. ಏನು ಮಾಡಿದರೂ ಮರುಕಳಿಸುವವರಿಗೆ ಕೂದಲಿನ ಬುಡವನ್ನೇ ಸುಡುವ ಲೇಸರ್ ಇದೆ. ನಮ್ಮ ಕಂದು ಚರ್ಮಕ್ಕೆ 1064 ನ್ಯಾನೋಮೀಟರ್‌ನ ಎನ್‌ಡಿ-ಯಾಗ್ ಬಗೆ ಹೆಚ್ಚು ಸುರಕ್ಷಿತ. ಹಲವು ಸಲ ಹೋಗಬೇಕು, ಖರ್ಚೂ ಇದೆ.

ಇನ್ನು ಕೆಲಸದ ಜಾಗದ ಮಾತು. 2025ರಲ್ಲಿ ನಿಯಮ ಬಿಗಿಯಾಗುವವರೆಗೆ ಅಮೆರಿಕದ ಸೈನ್ಯವೇ ಈ ತೊಂದರೆ ಇರುವವರಿಗೆ ವೈದ್ಯರ ಶಿಫಾರಸಿನ ಮೇಲೆ ಗಡ್ಡಕ್ಕೆ ಧಾರಾಳವಾಗಿ ವಿನಾಯಿತಿ ಕೊಡುತ್ತಾ ಬಂದಿತ್ತು. ಹೋಟೆಲಿನ ಕೌಂಟರಿನಲ್ಲೋ ಕಾವಲು ಕೆಲಸದಲ್ಲೋ ನಿಂತ ಹುಡುಗನಿಗೆ ಒಂದು ಮಿಲಿಮೀಟರ್ ಗಡ್ಡ ಬಿಡುವುದರಿಂದ ಯಾವ ಶಿಸ್ತೂ ಕೆಡುವುದಿಲ್ಲ. ಮೇಲಧಿಕಾರಿಯ ಬಳಿ ಬರಿಗೈಯಲ್ಲಿ ಹೋಗಬೇಡಿ. ವೈದ್ಯರ ಚೀಟಿಯಲ್ಲಿ ಕಾಯಿಲೆಯ ಹೆಸರು, ಎಷ್ಟು ವಾರ ರೇಜರ್ ಬಳಸಬಾರದು, ಆನಂತರ ಟ್ರಿಮ್ಮರ್‌ನಲ್ಲಿ ಎಷ್ಟು ಉದ್ದ ಉಳಿಸಬೇಕು ಎಂಬ ಮೂರನ್ನೂ ಬರೆಸಿಕೊಳ್ಳಿ. ನಮ್ಮ ಹುಡುಗನಿಗೆ ಒಪ್ಪಿಗೆ ಸಿಕ್ಕಿದ್ದು ಅಂಥ ಚೀಟಿಯಿಂದಲೇ.