ಅವ್ವನ ಆರೈಕೆಗೆ ಒಂದು ಬರಹದ ಒಪ್ಪಂದ

ಕೇಳುಗರಿಗೆ ನಮಸ್ಕಾರ.

ವಯಸ್ಸಾದ ತಾಯಿಯನ್ನು ನೋಡಿಕೊಳ್ಳುವ ವಿಷಯದಲ್ಲಿ ಒಡಹುಟ್ಟಿದವರ ನಡುವೆ ಮಾತು ಕೆಡುವುದು ಹೆಚ್ಚಾಗಿ ದುಡ್ಡಿಲ್ಲದೆ ಅಲ್ಲ, ಲೆಕ್ಕವಿಲ್ಲದೆ. ಕೊಡಗಿನಲ್ಲಿ ಈ ಲೆಕ್ಕಕ್ಕೆ ಇನ್ನೊಂದು ತೊಡಕಿದೆ. ತೋಟದಲ್ಲಿರುವ ಮಗನ ಕೈಗೆ ದುಡ್ಡು ಬರುವುದು ಕಾಫಿ ಮಾರಿದಾಗ. ಬೆಂಗಳೂರಿನಲ್ಲಿರುವವನಿಗೆ ತಿಂಗಳ ಸಂಬಳ. ತಾಯಿಯ ಖರ್ಚು ಮಾತ್ರ ದಿನದಿನದ್ದು. ಅದಕ್ಕೇ ಯಾರು ಏನು ಮಾಡಬೇಕು, ಎಷ್ಟು ಕೊಡಬೇಕು ಎಂದು ಒಂದು ಒಪ್ಪಂದದ ಪತ್ರ ಬರೆದಿಡುವುದು ಒಳ್ಳೆಯದು.

ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ತಾಯಿಗೆ 82 ವರ್ಷ, ಎದ್ದು ನಡೆಯಲು ಆಸರೆ ಬೇಕು. ಹಿರಿಯ ಮಗ ನಾಪೋಕ್ಲು ಕಡೆಯ ಮನೆಯಲ್ಲಿ, ಮಗಳು ಮೈಸೂರಿನಲ್ಲಿ, ಕಿರಿಯ ಮಗ ಬೆಂಗಳೂರಿನಲ್ಲಿ. ಹಗಲು ನೋಡಿಕೊಳ್ಳುವವರ ಸಂಬಳ, ಔಷಧಿ, ಡೈಪರ್, ಆಸ್ಪತ್ರೆಗೆ ಹೋಗಿಬರುವ ಜೀಪಿನ ಬಾಡಿಗೆ ಸೇರಿ ತಿಂಗಳಿಗೆ 24,000 ರೂಪಾಯಿ ಎನ್ನಿ. ಮೊದಲು ತಾಯಿಯದೇ ಹಣ ಬಳಕೆಯಾಗಬೇಕು. ಕುಟುಂಬ ಪಿಂಚಣಿ 9,000 ಬರುತ್ತದೆ ಎಂದುಕೊಂಡರೆ ಉಳಿಯುವುದು 15,000.

ಇದನ್ನು ಮೂರು ಭಾಗ ಮಾಡಿ ಐದೈದು ಸಾವಿರ ಎಂದು ಬರೆದುಬಿಟ್ಟರೆ ಮುಂದೆ ಜಗಳ ಖಂಡಿತ. ರಾತ್ರಿ ಎರಡು ಸಲ ಎದ್ದು ಅವ್ವನನ್ನು ಬಚ್ಚಲಿಗೆ ಕರೆದೊಯ್ಯುವವರು ಮನೆಯಲ್ಲಿರುವ ಮಗ ಮತ್ತು ಸೊಸೆ. ಆ ದುಡಿಮೆಗೂ ಬೆಲೆ ಕಟ್ಟಬೇಕು. ಮೂವರೂ ಒಪ್ಪಿ 6,000 ಎಂದು ಇಟ್ಟರೆ, ಒಟ್ಟು ಹೊರೆ 21,000, ತಲಾ 7,000. ಹಿರಿಯ ಮಗ ಆರು ಸಾವಿರದ ಕೆಲಸ ಮಾಡಿದ್ದಾನೆ, ನಗದಾಗಿ ಕೊಡಬೇಕಾದ್ದು 1,000. ಉಳಿದಿಬ್ಬರು ಏಳೇಳು ಸಾವಿರ ಹಾಕುತ್ತಾರೆ. ಹದಿನೈದು ಸಾವಿರ ಸರಿಹೋಯಿತು. ಹಿರಿಯ ಮಗ ತನ್ನ ಪಾಲಿನ ವರ್ಷದ 12,000ವನ್ನು ಕಾಫಿ ಮಾರಿದ ಮೇಲೆ, ಏಪ್ರಿಲ್ ಒಳಗೆ ಒಂದೇ ಸಲ ಕೊಡುವುದೆಂದು ಬರೆಯಿರಿ. ಅಲ್ಲಿಯವರೆಗೆ ಆ ಸಾವಿರ ಎಲ್ಲಿಂದ ಬರುತ್ತದೆ ಎಂಬುದನ್ನೂ ಬರೆಯಿರಿ. ಇಲ್ಲದಿದ್ದರೆ ಸೆಪ್ಟೆಂಬರ್ ಹೊತ್ತಿಗೆ ಔಷಧಿ ಅಂಗಡಿಯಲ್ಲಿ ಸಾಲ ಬೆಳೆದಿರುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ತೋಟ. ತೋಟ ತಾಯಿಯ ಹೆಸರಿನಲ್ಲಿದ್ದು, ಬೆಳೆಯನ್ನು ಹಿರಿಯ ಮಗ ತೆಗೆಯುತ್ತಿದ್ದರೆ, ಮೇಲಿನ ಲೆಕ್ಕವೇ ಬದಲಾಗುತ್ತದೆ. ಗೊಬ್ಬರ, ಕೂಲಿ, ನೀರು ಹಾಯಿಸಿದ ಖರ್ಚು, ನೋಡಿಕೊಂಡದ್ದಕ್ಕೆ ಅವನ ಪಾಲು ಎಲ್ಲ ಕಳೆದು ಉಳಿಯುವುದು ತಾಯಿಯ ಆದಾಯ, ಅದೂ ಪಿಂಚಣಿಯ ಸಾಲಿಗೆ ಬರಬೇಕು. ಬಾಯಿಬಿಟ್ಟು ಯಾರೂ ಕೇಳದ ಪ್ರಶ್ನೆ ಇದೇ, ಒಳಗೊಳಗೇ ಕುದಿಯುವುದೂ ಇದೇ. ಆದರೆ ಆಸ್ತಿಯ ಪಾಲುಪಟ್ಟಿಯನ್ನು ಈ ಕಾಗದದಲ್ಲಿ ಸೇರಿಸಬೇಡಿ. ಜಮೀನಿನ ಹಕ್ಕು ವರ್ಗಾಯಿಸುವ ಪತ್ರಕ್ಕೆ ನೋಂದಣಿ ಬೇಕಾಗುತ್ತದೆ, ಅದು ಬೇರೆಯೇ ವ್ಯವಹಾರ. ತಾಯಿ ಯಾರಿಗಾದರೂ ದಾನಪತ್ರ ಮಾಡುವುದಾದರೆ, ‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಷರತ್ತು ಆ ದಾನಪತ್ರದಲ್ಲೇ ಇರಲಿ. ಮುಂದೆ ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ದಾನಪತ್ರವನ್ನು ರದ್ದುಮಾಡಿಸಲು ಆ ಷರತ್ತೇ ಆಧಾರ.

ಇನ್ನು ತುರ್ತು ಹಣ. ಮೂರು ತಿಂಗಳ ಖರ್ಚಿನಷ್ಟು ಬೇರೆ ಖಾತೆಯಲ್ಲಿರಲಿ. ಹತ್ತು ಸಾವಿರದವರೆಗೆ ಮನೆಯಲ್ಲಿರುವವರು ಯಾರನ್ನೂ ಕೇಳದೆ ಖರ್ಚು ಮಾಡಬಹುದು, ಅದಕ್ಕೆ ಮೇಲಾದರೆ ಒಂದು ಫೋನ್. ರಾತ್ರಿ ಆಸ್ಪತ್ರೆಗೆ ಒಯ್ಯಬೇಕಾದರೆ ಆ ಫೋನೂ ಬೇಡ, ರಸೀದಿ ಸಾಕು. ತಿಂಗಳ 5ರೊಳಗೆ ರಸೀದಿಗಳ ಫೋಟೋ ವಾಟ್ಸಾಪಿಗೆ ಬರಲಿ.

ಮಳೆಗಾಲ ಮತ್ತು ಕುಯ್ಲಿಗೆ ಪ್ರತ್ಯೇಕ ಸಾಲು ಬರೆಯಿರಿ. ಜೂನ್‌ಗೆ ಮೊದಲೇ ಎರಡು ತಿಂಗಳ ಔಷಧಿ ಮನೆಯಲ್ಲಿರಬೇಕು. ರಸ್ತೆ ಕಡಿದುಹೋದರೆ, ಕರೆಂಟು ಹೋದರೆ ಪೇಟೆಗೆ ಓಡುವಂತಿಲ್ಲ. ಕುಯ್ಲಿನಲ್ಲಿ ಮನೆಯವರಿಗೆ ಬಿಡುವಿರುವುದಿಲ್ಲ, ಕೆಲಸದವರೂ ತೋಟದ ಕೂಲಿಗೆ ಹೋಗಿಬಿಡಬಹುದು. ಆಗ ಮಗಳೋ ಕಿರಿಯವನೋ ಹದಿನೈದು ದಿನ ಬಂದಿರಬೇಕು, ಬರಲಾಗದಿದ್ದರೆ ಬದಲಿಯವರ ಸಂಬಳ ಕೊಡಬೇಕು.

ಪತ್ರವನ್ನು ಅವ್ವನಿಗೆ ಓದಿ ಹೇಳಿ. ಯಾವ ಕೋಣೆ, ಯಾವ ಡಾಕ್ಟರು, ಮೈಸೂರಿಗೆ ಹೋಗಲು ಮನಸ್ಸಿದೆಯೇ, ಮೊದಲ ಮಾತು ಅವರದೇ. ಎಲ್ಲರ ಸಹಿ, ಇಬ್ಬರು ಸಾಕ್ಷಿಗಳು, ಪ್ರತಿಯೊಬ್ಬರಿಗೂ ಒಂದು ಪ್ರತಿ. ಬಿದ್ದು ಮೂಳೆ ಮುರಿದರೆ, ಆಸ್ಪತ್ರೆಯಿಂದ ಬಿಡುಗಡೆಯಾದರೆ ಅಥವಾ ಕೆಲಸದವರು ಬಿಟ್ಟುಹೋದರೆ ಹದಿನೈದು ದಿನದಲ್ಲಿ ಅಂಕಿಗಳನ್ನು ತಿದ್ದಿ ಮತ್ತೆ ಸಹಿ ಹಾಕಬೇಕು.

ಇಂಥ ಪತ್ರಕ್ಕೆ ಕೋರ್ಟಿನ ಆದೇಶದ ಬಲವಿಲ್ಲ. ಯಾರಾದರೂ ಕೈಬಿಟ್ಟರೆ ತಾಯಿ ಅದೇ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಮಗ, ಮಗಳು ಇಬ್ಬರೂ ಅಲ್ಲಿ ಹೊಣೆಗಾರರೇ. ಒಬ್ಬರ ಮೇಲೆ ಅರ್ಜಿ ಬಂದರೆ ಅವರು ಉಳಿದವರನ್ನೂ ಸೇರಿಸಿ ಎಂದು ಕೇಳಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567. ಅರ್ಜಿಯ ಜೊತೆ ಈ ಪತ್ರದ ಪ್ರತಿ ಮತ್ತು ತಿಂಗಳ ರಸೀದಿಗಳನ್ನು ಇಟ್ಟರೆ, ಯಾರು ಎಷ್ಟು ಒಪ್ಪಿದ್ದರು, ಯಾವ ತಿಂಗಳಿಂದ ನಿಲ್ಲಿಸಿದರು ಎಂಬುದು ಅಧಿಕಾರಿಯ ಮುಂದೆ ಕಾಗದದಲ್ಲೇ ಇರುತ್ತದೆ.

ನಮಸ್ಕಾರ.